ರೋಗಿಗಳ ತೃಪ್ತಿ ಸಮೀಕ್ಷೆ: ಸರಾಸರಿ ಮರೆಮಾಚುವ ಸಂಗತಿಗಳು

ಆಸ್ಪತ್ರೆಯಿಂದ ಬಿಡುಗಡೆಯಾಗುವ ರೋಗಿಗೆ ನೀಡುವ ಅಭಿಪ್ರಾಯ ಪತ್ರದಲ್ಲಿ ಸಾಮಾನ್ಯವಾಗಿ ಐದು ಆಯ್ಕೆಗಳಿರುತ್ತವೆ: 1 ಅತಿ ಕಳಪೆ, 2 ಕಳಪೆ, 3 ಸಾಧಾರಣ, 4 ಉತ್ತಮ, 5 ಅತ್ಯುತ್ತಮ. ತಿಂಗಳ ಕೊನೆಯಲ್ಲಿ ಇವುಗಳ ಸರಾಸರಿಯನ್ನು ತೆಗೆದು ಆಡಳಿತ ಮಂಡಳಿಯ ಮುಂದಿಡುವುದು ವಾಡಿಕೆ.

ಈ ಅಂಕಿಗಳು ರೂಪಾಯಿಗಳಂತಲ್ಲ. ಅವು ಮೇಲು ಕೆಳಗಿನ ಕ್ರಮವನ್ನು ಮಾತ್ರ ಸೂಚಿಸುತ್ತವೆ. 'ಅತಿ ಕಳಪೆ'ಯಿಂದ 'ಕಳಪೆ'ಗೆ ಇರುವ ಅಂತರವೂ 'ಉತ್ತಮ'ದಿಂದ 'ಅತ್ಯುತ್ತಮ'ಕ್ಕೆ ಇರುವ ಅಂತರವೂ ಸಮಾನವೆಂದು ಯಾವ ರೋಗಿಯೂ ಹೇಳಿರುವುದಿಲ್ಲ. ಇಂತಹ ಕ್ರಮಸೂಚಕ ದತ್ತಾಂಶವನ್ನು ನಿಜವಾದ ಅಳತೆಗಳಿಂದ ಬೇರ್ಪಡಿಸಿ ನೋಡಬೇಕೆಂಬುದನ್ನು ಎಸ್.ಎಸ್. ಸ್ಟೀವನ್ಸ್ 1946ರಲ್ಲಿಯೇ ಪ್ರತಿಪಾದಿಸಿದ್ದರು.

ಒಂದು ಕಾಲ್ಪನಿಕ ಉದಾಹರಣೆಯನ್ನು ಪರಿಶೀಲಿಸಬಹುದು. ಬಿಡುಗಡೆಯ ದಿನ ಬಿಲ್ ಇತ್ಯರ್ಥವಾದ ವೇಗದ ಬಗ್ಗೆ ಎರಡು ವಾರ್ಡುಗಳಲ್ಲಿ ತಲಾ 100 ರೋಗಿಗಳು ಉತ್ತರಿಸಿದ್ದಾರೆನ್ನೋಣ. 1ರಿಂದ 5ರವರೆಗೆ ಬಂದ ಉತ್ತರಗಳ ಸಂಖ್ಯೆ ಕ್ರಮವಾಗಿ ಹೀಗಿದೆ:

ಹೆರಿಗೆ ವಾರ್ಡ್: 0, 10, 30, 50, 10
ಶಸ್ತ್ರಚಿಕಿತ್ಸಾ ವಾರ್ಡ್: 20, 8, 12, 12, 48

ಎರಡರ ಸರಾಸರಿಯೂ 3.6. ಮಧ್ಯಾಂಕ ಎರಡರಲ್ಲಿಯೂ 4. 'ಉತ್ತಮ' ಮತ್ತು ಅದಕ್ಕಿಂತ ಮೇಲೆಂದವರು ಎರಡರಲ್ಲಿಯೂ 60. ಆದರೆ ಅಸಂತುಷ್ಟರು ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 28. ಅವರಲ್ಲಿ 20 ಮಂದಿ 'ಅತಿ ಕಳಪೆ' ಎಂದವರು.

ಈಗ ಕ್ರಮವನ್ನು ಬದಲಿಸದೆ 'ಅತಿ ಕಳಪೆ'ಗೆ 1ರ ಬದಲು 0 ಕೊಟ್ಟರೆ ಶಸ್ತ್ರಚಿಕಿತ್ಸಾ ವಾರ್ಡಿನ ಸರಾಸರಿ 3.4ಕ್ಕೆ ಇಳಿಯುತ್ತದೆ, ಹೆರಿಗೆ ವಾರ್ಡಿನದು 3.6ರಲ್ಲಿಯೇ ಉಳಿಯುತ್ತದೆ. ಅದರ ಬದಲು 'ಅತ್ಯುತ್ತಮ'ಕ್ಕೆ 6 ಕೊಟ್ಟರೆ ಶಸ್ತ್ರಚಿಕಿತ್ಸಾ ವಾರ್ಡ್ 4.08 ಗಳಿಸಿ, 3.7 ಗಳಿಸುವ ಹೆರಿಗೆ ವಾರ್ಡನ್ನು ಹಿಂದಿಕ್ಕುತ್ತದೆ. ಅಂದರೆ ಯಾವುದು ಮೇಲು ಎಂಬ ತೀರ್ಪನ್ನು ಕೊಟ್ಟದ್ದು ರೋಗಿಗಳಲ್ಲ, ಅಂಕಿಗಳನ್ನು ಆಯ್ದವರು.

ವ್ಯಾಪಾರಿಗಳಿಗೆ ಇದು ಅಪರಿಚಿತವಲ್ಲ. ವಸೂಲಿಯ ಸರಾಸರಿ ದಿನಗಳು ಸಮಾಧಾನಕರವಾಗಿದ್ದರೂ, ಬಾಕಿಯನ್ನು ಅವಧಿವಾರು ವಿಂಗಡಿಸಿದಾಗಲೇ ಹಳೆಯ ಬಾಕಿ ಕಣ್ಣಿಗೆ ಬೀಳುತ್ತದೆ. ಸಮೀಕ್ಷೆಯಲ್ಲಿಯೂ ಕೆಳಗಿನಿಂದ ಕೂಡುತ್ತಾ ಹೋಗುವ ಸಂಚಿತ ಪಟ್ಟಿಯನ್ನು ತಯಾರಿಸಬೇಕು. ಹೆರಿಗೆ ವಾರ್ಡಿನದು 0, 10, 40, 90, 100. ಶಸ್ತ್ರಚಿಕಿತ್ಸಾ ವಾರ್ಡಿನದು 20, 28, 40, 52, 100. ಒಂದು ವಾರ್ಡಿನ ಸಂಚಿತ ಸಂಖ್ಯೆ ಎಲ್ಲ ಹಂತಗಳಲ್ಲಿಯೂ ಕಡಿಮೆಯಿದ್ದರೆ ಅದು ನಿಸ್ಸಂದೇಹವಾಗಿ ಮೇಲು. ಇಲ್ಲಿ ಆರಂಭದಲ್ಲಿ ಹೆರಿಗೆ ವಾರ್ಡಿನದು ಕಡಿಮೆ, 4ರ ಹಂತದಲ್ಲಿ ಶಸ್ತ್ರಚಿಕಿತ್ಸಾ ವಾರ್ಡಿನದು ಕಡಿಮೆ. ಆದ್ದರಿಂದ ಒಂದೇ ಅಂಕಿಯ ತೀರ್ಪು ಸಲ್ಲದು.

ಉತ್ತರಗಳು ಎರಡು ತುದಿಗಳಲ್ಲಿ ಗುಂಪುಗೂಡಿದ್ದರೆ ಎರಡು ಬಗೆಯ ರೋಗಿಗಳು ಬೆರೆತಿರುವ ಸಾಧ್ಯತೆಯುಂಟು. ಅವುಗಳನ್ನು ನಗದು ಪಾವತಿ ಹಾಗೂ ವಿಮಾ ಪಾವತಿ ಎಂದು ವಿಂಗಡಿಸಿ ನೋಡಿದರೆ, ವಿಳಂಬವು ವಿಮಾ ಅನುಮೋದನೆಯದೋ ಅಲ್ಲವೋ ಎಂಬುದು ತಿಳಿದುಬರುತ್ತದೆ.

ಎರಡು ಎಚ್ಚರಿಕೆಗಳು ಅಗತ್ಯ. ಉತ್ತರಿಸದ ಅಥವಾ 'ಅನ್ವಯಿಸುವುದಿಲ್ಲ' ಎಂದ ಪತ್ರಗಳನ್ನು 3 ಎಂದಾಗಲಿ 0 ಎಂದಾಗಲಿ ಸೇರಿಸದೆ ಪ್ರತ್ಯೇಕವಾಗಿ ತೋರಿಸಬೇಕು. ಉತ್ತರಗಳು 20-30 ಮಾತ್ರ ಇದ್ದಲ್ಲಿ ಒಂದಿಬ್ಬರ ಅಭಿಪ್ರಾಯವೇ ಶೇಕಡಾವಾರನ್ನು ಬಹಳವಾಗಿ ಏರುಪೇರು ಮಾಡುವುದರಿಂದ, ಹಲವು ತಿಂಗಳುಗಳ ಪತ್ರಗಳನ್ನು ಒಟ್ಟುಗೂಡಿಸುವುದು ಲೇಸು. ಸರಾಸರಿಯನ್ನು ಕೈಬಿಡಬೇಕಾಗಿಲ್ಲ, ಅದರ ಪಕ್ಕದಲ್ಲಿ ಐದೂ ಸಂಖ್ಯೆಗಳನ್ನು ಮುದ್ರಿಸಿದರೆ ಸಾಕು.