ಚಳಿ ಕೆಳಗಿನಿಂದಲೂ ಬರುತ್ತದೆ

ಸ್ಲೀಪಿಂಗ್ ಬ್ಯಾಗ್ ಬೆಚ್ಚಗಿಡುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ಒಳಗಿನ ಹಕ್ಕಿತುಪ್ಪಳವೋ ಸಿಂಥೆಟಿಕ್ ಎಳೆಯೋ ಉಬ್ಬಿಕೊಂಡಿರುವಷ್ಟು ಕಾಲ ಆ ಗಾಳಿ ಕದಲದೆ ನಿಂತು ಮೈಯ ಶಾಖವನ್ನು ತಡೆಯುತ್ತದೆ. ಆದರೆ ಮಲಗಿದೊಡನೆ ಬೆನ್ನು, ಸೊಂಟ, ಭುಜಗಳ ಭಾರಕ್ಕೆ ಕೆಳಭಾಗ ಚಪ್ಪಟೆಯಾಗಿ ಗಾಳಿ ಹೊರಟುಹೋಗುತ್ತದೆ. ಎಷ್ಟೇ ದುಬಾರಿ ಬ್ಯಾಗಾದರೂ ಅಲ್ಲಿ ಉಳಿಯುವುದು ತೆಳುವಾದ ಬಟ್ಟೆಯ ಪದರಗಳಷ್ಟೇ. ಆ ಜಾಗದಲ್ಲಿ ದೇಹಕ್ಕೂ ನೆಲಕ್ಕೂ ನಡುವಿನ ನಿಜವಾದ ತಡೆ ಮ್ಯಾಟ್.

ಮ್ಯಾಟು ಶಾಖವನ್ನು ಎಷ್ಟು ತಡೆಯುತ್ತದೆ ಎಂಬುದರ ಅಳತೆಯೇ ಆರ್-ವ್ಯಾಲ್ಯೂ. ಸಂಖ್ಯೆ ಹೆಚ್ಚಿದಷ್ಟೂ ತಡೆ ಹೆಚ್ಚು. ಬರಿ ಗಾಳಿ ತುಂಬುವ ಸಾಮಾನ್ಯ ಮ್ಯಾಟಿಗೆ ಇದು ಸುಮಾರು 1. ಅದು ದಪ್ಪಗಿದ್ದರೂ ಒಳಗಿನ ಗಾಳಿ ಸುತ್ತಾಡುತ್ತಾ ಶಾಖವನ್ನು ನೆಲಕ್ಕೆ ಸಾಗಿಸಿಬಿಡುತ್ತದೆ. ಮಡಚುವ ಫೋಮ್ ಮ್ಯಾಟಿಗೆ ಸುಮಾರು 2. ಒಳಗೆ ತುಪ್ಪಳ ಅಥವಾ ಶಾಖವನ್ನು ಹಿಂದಿರುಗಿಸುವ ಹಾಳೆಗಳಿರುವ ಗಾಳಿಮ್ಯಾಟುಗಳಲ್ಲಿ 4ಕ್ಕಿಂತ ಹೆಚ್ಚಿನದೂ ಸಿಗುತ್ತದೆ.

ಉತ್ತರಾಖಂಡದ ಕೇದಾರಕಂಠಕ್ಕೆ ಚಳಿಗಾಲದಲ್ಲಿ ಚಾರಣ ಹೋದವರು ಹಿಮದ ಮೇಲೆಯೇ ಟೆಂಟ್ ಹಾಕುವುದುಂಟು. ಕೆಳಗಿನ ಹಿಮ 0 ಡಿಗ್ರಿ, ಚರ್ಮ 33 ಡಿಗ್ರಿ, ನೆಲಕ್ಕೆ ತಾಗುವ ಮೈ 0.4 ಚದರ ಮೀಟರ್ ಎಂದಿಟ್ಟುಕೊಂಡರೆ, ಆರ್-ವ್ಯಾಲ್ಯೂ 1 ಇರುವ ಮ್ಯಾಟಿನ ಮೂಲಕ ಸುಮಾರು 75 ವ್ಯಾಟ್ ಶಾಖ ಸೋರಿಹೋಗುತ್ತದೆ. ನಿದ್ರಿಸುವ ವಯಸ್ಕರ ದೇಹ ಉತ್ಪಾದಿಸುವ ಶಾಖವೂ ಹೆಚ್ಚುಕಡಿಮೆ ಅಷ್ಟೇ. ತೊಟ್ಟ ಬಟ್ಟೆ ಇದನ್ನು ಕೊಂಚ ತಗ್ಗಿಸುತ್ತದೆ, ನಿಜ. ಆದರೂ ಮೇಲಿನ ಚಳಿಯನ್ನು ಎದುರಿಸಲು ದೇಹದಲ್ಲಿ ಹೆಚ್ಚೇನೂ ಉಳಿಯುವುದಿಲ್ಲ. ಅದೇ ಮ್ಯಾಟಿನ ಬೆಲೆ 4 ಆದರೆ ಸೋರಿಕೆ 19 ವ್ಯಾಟಿಗೆ ಇಳಿಯುತ್ತದೆ.

ಬ್ಯಾಗಿನ ಮೇಲೆ ಅಚ್ಚಾಗಿರುವ ಉಷ್ಣಾಂಶವನ್ನು ನಂಬಿ ಮೋಸಹೋಗುವುದು ಇಲ್ಲಿಯೇ. ಪ್ರಯೋಗಾಲಯದಲ್ಲಿ ಆ ಅಂಕಿಯನ್ನು ನಿರ್ಧರಿಸುವಾಗ, ಬಿಸಿಮಾಡಿದ ಬೊಂಬೆಯನ್ನು ಚೆನ್ನಾಗಿ ಶಾಖ ತಡೆಯುವ ಮ್ಯಾಟಿನ ಮೇಲೆಯೇ ಮಲಗಿಸಿರುತ್ತಾರೆ. ತೆಳು ಮ್ಯಾಟಿನ ಮೇಲೆ ಮಲಗಿದವರಿಗೆ ಆ ಅಂಕಿ ಅನ್ವಯಿಸುವುದಿಲ್ಲ.

ತೊಂದರೆ ಎಲ್ಲಿದೆ ಎಂದು ಪತ್ತೆಹಚ್ಚುವುದು ಕಷ್ಟವಲ್ಲ. ಎದೆ ಬೆಚ್ಚಗಿದ್ದು ಸೊಂಟ, ಭುಜ ಮಾತ್ರ ತಣ್ಣಗಾಗುತ್ತಿದ್ದರೆ, ಮಗ್ಗುಲು ಬದಲಿಸಿದಾಗ ಚಳಿಯೂ ಆ ಕಡೆಗೆ ಬದಲಾದರೆ ಕೊರತೆ ಮ್ಯಾಟಿನದು. ಬೆಳಿಗ್ಗೆ ಟೆಂಟ್ ಎತ್ತಿದಾಗ ಹಿಮದಲ್ಲಿ ಮೈಯ ಆಕಾರದ ಗುಳಿ ಬಿದ್ದಿದ್ದರೆ ಇನ್ನೂ ಸ್ಪಷ್ಟ: ಅಷ್ಟು ಹಿಮವನ್ನು ಕರಗಿಸಿದ್ದು ಮಲಗಿದವರ ಶಾಖ. ಆಗ ಇನ್ನೊಂದು ಸ್ವೆಟರ್ ಹಾಕಿಕೊಂಡರೆ ಮೇಲೆ ಮಾತ್ರ ಬೆಚ್ಚಗಾಗುತ್ತದೆ. ಉಳಿದ ಬಟ್ಟೆ, ಹಗ್ಗ, ಖಾಲಿ ಬೆನ್ನುಚೀಲಗಳನ್ನು ಅಡಿಗೆ ಹಾಸುವುದು ಹೆಚ್ಚು ಉಪಯುಕ್ತ.

ಒಂದರ ಮೇಲೊಂದು ಹಾಸಿದ ಮ್ಯಾಟುಗಳ ಆರ್-ವ್ಯಾಲ್ಯೂ ಕೂಡಿಕೊಳ್ಳುತ್ತದೆ: 2 ಮತ್ತು 4 ಸೇರಿ 6. ಗಾಳಿಮ್ಯಾಟು ತೂತಾದರೂ ಅಡಿಯ ಫೋಮ್ ಕೈಬಿಡುವುದಿಲ್ಲ. ಮಲೆನಾಡಿನ ಡಿಸೆಂಬರ್ ರಾತ್ರಿಗೆ ಒಂದು ಫೋಮ್ ಮ್ಯಾಟ್ ಸಾಕು. ಹಿಮದ ಮೇಲೆ ಮಲಗುವವರು ಬ್ಯಾಗಿಗೆ ಇನ್ನಷ್ಟು ಹಣ ಸುರಿಯುವ ಮೊದಲು ಎರಡನೆಯ ಮ್ಯಾಟನ್ನು ಕೊಳ್ಳುವುದು ಒಳ್ಳೆಯದು.