ಬ್ಯಾಂಕಿಗೆ ಬರೆದ ಪತ್ರದಲ್ಲಿ ಎರಡು ಗ್ರಾಂ ಖಾರದಪುಡಿ

ಬ್ಯಾಡಗಿ ಕಡೆಯ ಒಂದು ಸಣ್ಣ ಖಾರದಪುಡಿ ಘಟಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಿಂಗಳಿಗೆ ಹತ್ತು ಟನ್ ಪುಡಿ, ಎಂದರೆ ನೂರು ಗ್ರಾಂನ ಒಂದು ಲಕ್ಷ ಪ್ಯಾಕೆಟ್. ಇಷ್ಟನ್ನೂ ಹೆಣ್ಣುಮಕ್ಕಳು ಕೈಯಲ್ಲೇ ತೂಗಿ ಸೀಲ್ ಮಾಡುತ್ತಾರೆ. ಮಾಲೀಕರಿಗೆ 20 ಲಕ್ಷ ರೂಪಾಯಿಯ ಪ್ಯಾಕಿಂಗ್ ಲೈನ್ ಹಾಕುವ ಯೋಚನೆ. ಅದರಲ್ಲಿ ಐದು ಲಕ್ಷ ಅವರದು, ಉಳಿದ 15 ಲಕ್ಷಕ್ಕೆ ಬ್ಯಾಂಕ್ ಸಾಲ ಬೇಕು. ಇಂಥ ಅರ್ಜಿಗಳಲ್ಲಿ 'ಉತ್ಪಾದನೆ ಹೆಚ್ಚುತ್ತದೆ, ಲಾಭ ಹೆಚ್ಚುತ್ತದೆ' ಎಂಬ ಸಾಲು ತಪ್ಪದೆ ಇರುತ್ತದೆ. ಅದನ್ನು ಓದಿದ ಸಾಲದ ಅಧಿಕಾರಿಗೆ ಹೊಸದೇನೂ ತಿಳಿಯುವುದಿಲ್ಲ. ಹಣ ಎಲ್ಲಿಂದ ಬರುತ್ತದೆ ಎಂದು ಪತ್ರ ತೋರಿಸಬೇಕು.

ಈ ಘಟಕದಲ್ಲಿ ಅದು ತಕ್ಕಡಿಯಿಂದ ಬರುತ್ತದೆ. ಪ್ಯಾಕೆಟ್‌ನಲ್ಲಿ ತೂಕ ಕಡಿಮೆಯಾದರೆ ಕಾನೂನುಮಾಪನ ಇಲಾಖೆಯ ದಂಡ ಬೀಳುತ್ತದೆ, ಆ ಭಯಕ್ಕೆ ಕೈಯಲ್ಲಿ ತುಂಬುವವರು ಚೂರು ಜಾಸ್ತಿಯೇ ಹಾಕುತ್ತಾರೆ. ರವಾನೆಗೆ ಸಿದ್ಧವಾದ ರಾಶಿಯಿಂದ ಐವತ್ತು ಪ್ಯಾಕೆಟ್ ತೆಗೆದು, ಖಾಲಿ ಕವರಿನ ತೂಕ ಕಳೆದು ನೋಡಿದಾಗ ಸರಾಸರಿ 102 ಗ್ರಾಂ ಬಂತು ಎನ್ನೋಣ. ಯಂತ್ರ ತುಂಬಿದರೆ ಅದು ನೂರೂವರೆಗೆ ಇಳಿಯುತ್ತದೆ. ಉಳಿದ ಒಂದೂವರೆ ಗ್ರಾಂ ಲಕ್ಷ ಪ್ಯಾಕೆಟ್‌ಗೆ ತಿಂಗಳಿಗೆ 150 ಕಿಲೋ ಆಗುತ್ತದೆ. ಕಿಲೋಗೆ 250 ರೂಪಾಯಿಯಂತೆ ವರ್ಷಕ್ಕೆ 4.5 ಲಕ್ಷ. ಆ ಐವತ್ತು ತೂಕಗಳ ಹಾಳೆಯನ್ನೂ ಯಂತ್ರದ ಕೊಟೇಶನ್ ಜೊತೆ ಲಗತ್ತಿಸಬೇಕು. ಇಡೀ ಪತ್ರದಲ್ಲಿ ಅಷ್ಟು ಗಟ್ಟಿ ಪುರಾವೆ ಬೇರೊಂದಿಲ್ಲ.

ಇದರ ಜೊತೆಗೆ ಮೂವರ ಕೂಲಿ, ವರ್ಷಕ್ಕೆ 4.8 ಲಕ್ಷ. ಇಲ್ಲಿ ಪ್ರಾಮಾಣಿಕತೆ ಬೇಕು: ಆ ಮೂವರನ್ನು ಹುರಿಯುವ ಕೆಲಸಕ್ಕೆ ಹಾಕಿಕೊಂಡರೆ, ಅಲ್ಲಿಗೆ ಹೊಸಬರನ್ನು ಸೇರಿಸಿಕೊಳ್ಳುವುದು ನಿಜಕ್ಕೂ ತಪ್ಪಿದ್ದರೆ ಮಾತ್ರ ಅದು ಉಳಿತಾಯ. ಎರಡೂ ಸೇರಿ 9.3 ಲಕ್ಷ. ಕರೆಂಟು, ಸರ್ವಿಸ್, ಬಿಡಿಭಾಗಗಳಿಗೆ 1.8 ಲಕ್ಷ, ತೆರಿಗೆಗೆ ಸುಮಾರು ಒಂದೂವರೆ ಲಕ್ಷ ತೆಗೆದಿಟ್ಟರೆ ವರ್ಷಕ್ಕೆ ಕೈಗೆ ಸಿಗುವುದು 6 ಲಕ್ಷ. ಸವಕಳಿ ತೆರಿಗೆಯನ್ನು ತಗ್ಗಿಸುತ್ತದೆ, ಆದರೆ ಅದು ಕೈಬಿಟ್ಟು ಹೋಗುವ ಹಣವಲ್ಲ, ಹಾಗಾಗಿ ಖರ್ಚಿನಲ್ಲಿ ಬರೆಯಬಾರದು. ಸಾಲದ ಬಡ್ಡಿಯನ್ನೂ ಇಲ್ಲಿ ಕಳೆಯಬಾರದು. ಹಣದ ಬೆಲೆ ಮುಂದಿನ ಹೆಜ್ಜೆಯಲ್ಲಿ ಹೇಗೂ ಲೆಕ್ಕಕ್ಕೆ ಬರುತ್ತದೆ, ಇಲ್ಲೂ ಕಳೆದರೆ ಎರಡು ಸಲ ಕಳೆದಂತೆ.

ಆ ಹೆಜ್ಜೆಯೇ ನಿವ್ವಳ ಪ್ರಸ್ತುತ ಮೌಲ್ಯ, ಬ್ಯಾಂಕಿನವರ ಬಾಯಲ್ಲಿ ಎನ್‌ಪಿವಿ. ಮುಂದೆ ಬರುವ ಹಣ ಇವತ್ತಿನ ಲೆಕ್ಕಕ್ಕೆ ಎಷ್ಟು ಎಂದು ನೋಡಿ, ಹೂಡಿದ್ದನ್ನು ಕಳೆಯುವುದು. ದರ 12 ಶೇಕಡಾ ಇಟ್ಟುಕೊಂಡರೆ ಮೊದಲ ವರ್ಷದ 6 ಲಕ್ಷ ಇವತ್ತಿಗೆ 5.36 ಲಕ್ಷ, ಐದನೇ ವರ್ಷದ 6 ಲಕ್ಷ ಬರೀ 3.40 ಲಕ್ಷ. ಐದೂ ಸೇರಿ 21.63 ಲಕ್ಷ. ಕೊನೆಗೆ ಯಂತ್ರವನ್ನು 4 ಲಕ್ಷಕ್ಕೆ ಮಾರಿದರೆ ಇವತ್ತಿಗೆ ಇನ್ನೊಂದು 2.27 ಲಕ್ಷ. ಒಟ್ಟು 23.90 ಲಕ್ಷದಲ್ಲಿ 20 ಲಕ್ಷ ಹೋದರೆ ಎನ್‌ಪಿವಿ 3.90 ಲಕ್ಷ.

ಎಕ್ಸೆಲ್‌ನಲ್ಲಿ ಮಾಡುವವರು ಇಲ್ಲೇ ಎಡವುತ್ತಾರೆ. ಅದರ ಸೂತ್ರ ಮೊದಲ ಮೊತ್ತವನ್ನು ಒಂದು ವರ್ಷದ ನಂತರದ್ದೆಂದು ತಿಳಿಯುತ್ತದೆ. ಇವತ್ತು ಕೊಡುವ 20 ಲಕ್ಷವನ್ನು ಸೂತ್ರದ ಹೊರಗಿಡಬೇಕು:

```
=NPV(12%,B3:B7)+B2
```

B2 ಚೌಕದಲ್ಲಿ ಹೂಡಿಕೆ ಋಣ ಚಿಹ್ನೆಯೊಂದಿಗೆ ಇರಬೇಕು. ಅದನ್ನೂ ಒಳಗೆ ಸೇರಿಸಿದರೆ 3.90ರ ಬದಲು 3.48 ಬರುತ್ತದೆ. ಅಧಿಕಾರಿ ಮರುಲೆಕ್ಕ ಹಾಕಿ ಇದನ್ನು ಕಂಡರೆ ಉಳಿದ ಅಂಕಿಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ನನ್ನ ದೃಷ್ಟಿಯಲ್ಲಿ ಪತ್ರದ ತೂಕ ಇರುವುದು ಇದರ ಮುಂದಿನ ಪ್ಯಾರಾದಲ್ಲಿ. ಅದು ಹೀಗಿರಬಹುದು: "ಮಾನ್ಯರೇ, ಮಾರಾಟ ಶೇಕಡಾ 20 ಕುಸಿದರೆ ನಮ್ಮ ವಾರ್ಷಿಕ ಉಳಿತಾಯ ಸುಮಾರು 4.6 ಲಕ್ಷಕ್ಕೆ ಇಳಿಯುತ್ತದೆ. ಆಗ ಎನ್‌ಪಿವಿ ಸುಮಾರು ಒಂದು ಲಕ್ಷದಷ್ಟು ಋಣಾತ್ಮಕವಾಗುತ್ತದೆ. ಆದರೂ ನಿಮ್ಮ ಕಂತು ನಿಲ್ಲುವುದಿಲ್ಲ."

ಹದಿನೈದು ಲಕ್ಷ ಸಾಲ, ಬಡ್ಡಿ ಶೇಕಡಾ 11, ಐದು ವರ್ಷ ಎಂದರೆ ತಿಂಗಳ ಕಂತು ಸುಮಾರು 32,600 ರೂಪಾಯಿ, ವರ್ಷಕ್ಕೆ 3.91 ಲಕ್ಷ. ಕೆಟ್ಟ ವರ್ಷದ 4.6 ಲಕ್ಷದಲ್ಲೂ ಅದನ್ನು ಕಟ್ಟಬಹುದು. ಎನ್‌ಪಿವಿ ಮುಖ್ಯವಾಗಿ ಮಾಲೀಕರ ಪ್ರಶ್ನೆಗೆ ಉತ್ತರ: ಈ ಹಣವನ್ನು ಇಲ್ಲಿ ಹಾಕಬೇಕೇ? ಬ್ಯಾಂಕಿನ ಪ್ರಶ್ನೆ ಬೇರೆ: ಕಂತು ಬರುತ್ತದೆಯೇ? ಎನ್‌ಪಿವಿ ಮೈನಸ್ ಆದಾಗಲೂ ಸಾಲ ತೀರಬಹುದು, ಆಗ ಪೆಟ್ಟು ಬೀಳುವುದು ಮಾಲೀಕರು ಹಾಕಿದ ಐದು ಲಕ್ಷಕ್ಕೆ. ಮಾರಾಟ ಸುಮಾರು ಆರನೇ ಒಂದು ಪಾಲು ತಗ್ಗಿದರೂ ಎನ್‌ಪಿವಿ ಸೊನ್ನೆಗೆ ಬರುತ್ತದೆ. ಹಾಗಾಗಿ ಅರ್ಜಿಗೆ ಸಹಿ ಹಾಕುವ ಮೊದಲು ಮಾಲೀಕರು ಕಳೆದ ಮೂರು ವರ್ಷದ ಜಿಎಸ್‌ಟಿ ರಿಟರ್ನ್ ತೆಗೆದು, ಮಾರಾಟ ಅಷ್ಟು ಇಳಿದ ವರ್ಷ ಇತ್ತೇ ಎಂದು ನೋಡಿಕೊಳ್ಳಬೇಕು. ಇದ್ದರೆ ಎರಡನೇ ಕೊಟೇಶನ್ ತರಿಸಿ, 17 ಲಕ್ಷದ ಲೈನ್‌ಗೆ ಇದೇ ಲೆಕ್ಕ ಮತ್ತೊಮ್ಮೆ ಹಾಕಬೇಕು.