ಕಟಿಂಗ್ ಮಾಡುವವರ ಚಮಚದ ಲೆಕ್ಕ

ಜಿಮ್‌ನಲ್ಲಿ ‘ಕಟಿಂಗ್’ ಶುರುವಾದ ದಿನವೇ ಬೋಂಡ, ಮೈಸೂರು ಪಾಕ್ ಮನೆಯಿಂದ ಹೊರಬೀಳುತ್ತವೆ. ಆ ಜಾಗಕ್ಕೆ ಬಾದಾಮಿ, ಖರ್ಜೂರ, ಪೀನಟ್ ಬಟರ್ ಬಂದು ಕೂರುತ್ತವೆ. ಎಲ್ಲವೂ ಒಳ್ಳೆಯ ಆಹಾರವೇ. ಆದರೂ ಮೂರು ವಾರ ಕಳೆದರೂ ತೂಕದ ಮುಳ್ಳು ಅಲ್ಲಾಡುವುದಿಲ್ಲ.

ತಪ್ಪು ಎಲ್ಲಾಗುತ್ತದೆ ಎಂದು ನೋಡಲು, ದಿನಕ್ಕೆ 400 ಕ್ಯಾಲೊರಿ ಕಡಿಮೆ ತಿನ್ನಲು ಹೊರಟ ಒಬ್ಬರ ಬೆಳಗನ್ನೇ ತೆಗೆದುಕೊಳ್ಳೋಣ. ಅವರು ಪುಸ್ತಕದಲ್ಲಿ ಬರೆದದ್ದು ‘ಪೀನಟ್ ಬಟರ್ 2 ಚಮಚ, 190’ ಎಂದು. ಈ ಲೆಕ್ಕ ಮಟ್ಟಸವಾಗಿ ತೆಗೆದ, ತಲಾ 16 ಗ್ರಾಂನ ಚಮಚಕ್ಕೆ ಸರಿ. ಅವರು ಬ್ರೆಡ್ಡಿಗೆ ಸವರಿದ್ದು ಗುಡ್ಡೆ ಹಾಕಿದ ಚಮಚ. ಅಂಥ ಎರಡಕ್ಕೆ ಸುಮಾರು 50 ಗ್ರಾಂ, ಅಂದರೆ 295 ಕ್ಯಾಲೊರಿ. ಓಡಾಡುತ್ತಾ ಬಾಯಿಗೆ ಹಾಕಿಕೊಂಡ ಒಂದು ಹಿಡಿ ಬಾದಾಮಿ-ಗೋಡಂಬಿ 170, ಎರಡು ಸಣ್ಣ ಖರ್ಜೂರ 45, ಚಟ್ನಿಯಲ್ಲಿ ಅವರ ಪಾಲಿಗೆ ಬಂದ 40 ಗ್ರಾಂ ಹಸಿ ತೆಂಗಿನಕಾಯಿ 140. ಇವು ಯಾವುವೂ ಪುಸ್ತಕಕ್ಕೆ ಹೋಗಿಲ್ಲ. ಒಟ್ಟು 650. ಬರೆದದ್ದಕ್ಕೂ ತಿಂದದ್ದಕ್ಕೂ 460ರ ಅಂತರ. ಉಳಿಸಬೇಕಿದ್ದ 400 ಅಲ್ಲಿಗೇ ಮುಗಿಯಿತು.

ಪಿಷ್ಟ, ಪ್ರೋಟೀನುಗಳಲ್ಲಿ ಗ್ರಾಂಗೆ 4 ಕ್ಯಾಲೊರಿ, ಕೊಬ್ಬಿನಲ್ಲಿ 9. ಕಡಲೆಕಾಯಿ ಬೀಜದ ತೂಕದಲ್ಲಿ ಅರ್ಧದಷ್ಟು ಕೊಬ್ಬೇ ಇದೆ. ಹಸಿ ಕಾಯಲ್ಲಿ ನೀರಿರುವುದರಿಂದ 100 ಗ್ರಾಂಗೆ ಸುಮಾರು 350. ಅದೇ ಒಣಗಿ ಕೊಬ್ಬರಿಯಾದರೆ 660. ಒಣದ್ರಾಕ್ಷಿಯಲ್ಲಿ ಕೊಬ್ಬಿಲ್ಲ ನಿಜ, ಆದರೆ ನೀರು ಹೋಗಿ ಸಕ್ಕರೆ ಒತ್ತಾಗಿ ಉಳಿದಿರುತ್ತದೆ.

ತಿನ್ನುವ ರೂಪವೂ ಲೆಕ್ಕ ಬದಲಿಸುತ್ತದೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 28 ಗ್ರಾಂ ಇಡೀ ಬಾದಾಮಿಯಿಂದ ದೇಹಕ್ಕೆ ದಕ್ಕಿದ್ದು ಲೇಬಲ್ ಹೇಳುವ 170 ಅಲ್ಲ, ಸುಮಾರು 129 ಕ್ಯಾಲೊರಿ. ಅಗಿದರೂ ಒಡೆಯದ ಕಣಗಳೊಳಗಿನ ಕೊಬ್ಬು ಜೀರ್ಣವಾಗದೆ ಹೊರಹೋಗುತ್ತದೆ. ನುಣ್ಣಗೆ ಅರೆದ ಬಾದಾಮಿ ಬೆಣ್ಣೆಯಲ್ಲಿ ಈ ರಿಯಾಯಿತಿ ಇಲ್ಲ.

ಹಾಗೆಂದು ಎಲ್ಲವನ್ನೂ ಬಿಡಬೇಕಿಲ್ಲ, ಅಳೆದರೆ ಸಾಕು. ಪೀನಟ್ ಬಟರ್ ಡಬ್ಬವನ್ನೇ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಚಮಚದಲ್ಲಿ ತೆಗೆಯಿರಿ. ಮೈನಸ್ 16 ಎಂದು ತೋರಿಸಿದರೆ ತೆಗೆದದ್ದು 16 ಗ್ರಾಂ. ಚಮಚ ನೆಕ್ಕಿದ್ದೂ ಇದರಲ್ಲೇ ಸೇರಿತು! ಬಾದಾಮಿ, ಗೋಡಂಬಿಗಳನ್ನು ಭಾನುವಾರವೇ 20 ಗ್ರಾಂನಂತೆ ಏಳು ಪುಟ್ಟ ಡಬ್ಬಿಗಳಿಗೆ ಹಾಕಿಟ್ಟರೆ ದೊಡ್ಡ ಡಬ್ಬಕ್ಕೆ ಕೈ ಹೋಗುವುದು ತಪ್ಪುತ್ತದೆ. ಚಟ್ನಿಗೆ ಕಾಯಿಯನ್ನು ರುಬ್ಬುವ ಮೊದಲೇ ತೂಗಿ, ತಿನ್ನುವವರ ಸಂಖ್ಯೆಯಿಂದ ಭಾಗಿಸಿಕೊಳ್ಳಬೇಕು.

ಕ್ಯಾಲೊರಿ ತಗ್ಗಲೆಂದು ಕಾಯಿಯ ಬದಲು ಹುರಿಗಡಲೆ ಸುರಿಯುವವರಿದ್ದಾರೆ. ಪ್ರೋಟೀನು ಹೆಚ್ಚುತ್ತದೆ, ಕ್ಯಾಲೊರಿ ಮಾತ್ರ ಹೆಚ್ಚುಕಡಿಮೆ ಅಷ್ಟೇ. ನಿಜಕ್ಕೂ ತಗ್ಗಬೇಕಿದ್ದರೆ ಹೀರೆಕಾಯಿ ಸಿಪ್ಪೆಯನ್ನೋ ಟೊಮೆಟೊವನ್ನೋ ಬಾಡಿಸಿ, ಒಂದು ಚಮಚ ಕಾಯಿತುರಿ ಸೇರಿಸಿ ರುಬ್ಬಿ. ಬಾಡಿಸುವ ಎಣ್ಣೆಯನ್ನೂ ಅಳೆದೇ ಹಾಕಿ.